ಲ್ಯಾಪ್‌ಟಾಪಿನ ಪರವಾಗಿ ಕೇಬಲ್ ಹೇಳಿದ ಸುಳ್ಳು

ಅಕ್ಕನ ಮಗಳ ಮದುವೆಯ ಫೋಟೋಗಳನ್ನು ಫೋನಿನಿಂದ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲೆಂದು, ತುಮಕೂರಿನ ಬಸ್ ನಿಲ್ದಾಣದ ಬಳಿ ಕೊಂಡಿದ್ದ ಕೇಬಲ್ಲನ್ನು ಸಿಕ್ಕಿಸಿದೆ. ಅದರ ಒಂದು ತುದಿ ಹಳೆಯ ಅಗಲವಾದ ಯುಎಸ್‌ಬಿ-ಎ, ಇನ್ನೊಂದು ಟೈಪ್-ಸಿ. ಕೆಲವೇ ಸೆಕೆಂಡುಗಳಲ್ಲಿ ಫೋನು ಸಂಪರ್ಕ ಕಳೆದುಕೊಂಡಿತು. ಪಕ್ಕದ ಪೋರ್ಟಿನಲ್ಲಿದ್ದ ಮೌಸ್ ಕೂಡ ನಿಂತುಹೋಯಿತು. ಗೋಡೆಯ ಚಾರ್ಜರಿನಲ್ಲಿ ಅದೇ ಕೇಬಲ್ ಚೆನ್ನಾಗಿಯೇ ನಡೆಯುತ್ತಿದ್ದುದರಿಂದ ತಪ್ಪು ಲ್ಯಾಪ್‌ಟಾಪಿನದೇ ಎಂದು ನಂಬಿ, ಅದನ್ನು ಹೊತ್ತುಕೊಂಡು ಬಿ.ಎಚ್. ರಸ್ತೆಯಲ್ಲಿ ರಿಪೇರಿ ಮಾಡುವ ಗೆಳೆಯನಲ್ಲಿಗೆ ಹೋದೆ.

ಅವನು ಪೋರ್ಟಿಗೂ ಕೇಬಲ್ಲಿಗೂ ನಡುವೆ ಬೆರಳುದ್ದದ ಯುಎಸ್‌ಬಿ ಮೀಟರ್ ಇಟ್ಟು ಫೋನನ್ನು ಸಿಕ್ಕಿಸಿದ. ಕರೆಂಟು 1.4 ಆಂಪಿಯರ್‌ಗೆ ಏರಿತು, 5 ವೋಲ್ಟ್ 4.3ಕ್ಕೆ ಕುಸಿಯಿತು, ಪೋರ್ಟು ತನ್ನನ್ನು ತಾನೇ ಕಡಿದುಕೊಂಡಿತು. ಯುಎಸ್‌ಬಿ 2.0 ಪೋರ್ಟು ಕೊಡುವೆನೆಂದು ಒಪ್ಪಿರುವುದು 500 ಮಿಲಿಆಂಪಿಯರ್ ಮಾತ್ರ. "ಲ್ಯಾಪ್‌ಟಾಪ್ ಸರಿಯಾಗಿದೆ ಕಣೋ, ಸುಳ್ಳು ಹೇಳ್ತಿರೋದು ಕೇಬಲ್ಲು" ಎಂದ.

ಟೈಪ್-ಸಿಯಲ್ಲಿ ಸಿಸಿ ಎಂಬ ಪಿನ್ ಒಂದಿದೆ. ವಿದ್ಯುತ್ ಕೊಡುವ ಸಾಧನವು ತನ್ನ ಸಾಮರ್ಥ್ಯವನ್ನು ಅದರ ಮೂಲಕ ತಿಳಿಸುತ್ತದೆ. ಹಳೆಯ ಎ ಸಾಕೆಟ್ಟಿನಲ್ಲಿ ಆ ಪಿನ್ನೇ ಇಲ್ಲದ ಕಾರಣ ಅದರ ಪರವಾಗಿ ಕೇಬಲ್ಲೇ ಮಾತನಾಡಬೇಕು. ಇದಕ್ಕಾಗಿ ಸಿ ತುದಿಯೊಳಗೆ, 5 ವೋಲ್ಟಿನ ತಂತಿಗೂ ಸಿಸಿ ಪಿನ್ನಿಗೂ ನಡುವೆ ಒಂದು ರೆಸಿಸ್ಟರ್ ಕೂರಿಸಿರುತ್ತಾರೆ. ಫೋನಿನೊಳಗೆ ಸಿಸಿಯಿಂದ ಗ್ರೌಂಡಿಗೆ 5.1 ಕಿಲೋಓಮ್‌ನ ಇನ್ನೊಂದಿದೆ. ಇವೆರಡೂ 5 ವೋಲ್ಟನ್ನು ಹಂಚಿಕೊಳ್ಳುತ್ತವೆ. ಕೇಬಲ್ಲಿನಲ್ಲಿ ನಿಯಮದಂತೆ 56 ಕಿಲೋಓಮ್ ಇದ್ದರೆ ಫೋನಿಗೆ ಸಿಸಿಯಲ್ಲಿ ಸುಮಾರು 0.42 ವೋಲ್ಟ್ ಕಾಣುತ್ತದೆ, ಅಂದರೆ "ಇದು ಸಾಮಾನ್ಯ ಪೋರ್ಟು". 10 ಕಿಲೋಓಮ್ ಇದ್ದರೆ ಸುಮಾರು 1.69 ವೋಲ್ಟ್, ಅಂದರೆ "3 ಆಂಪಿಯರ್‌ವರೆಗೆ ಎಳೆದುಕೋ". ಎ ತುದಿಯನ್ನು ನಾಳೆ ಯಾರು ಎಲ್ಲಿ ಸಿಕ್ಕಿಸುತ್ತಾರೋ ಕೇಬಲ್ ತಯಾರಿಸುವವನಿಗೆ ತಿಳಿಯದು. ಆದುದರಿಂದ ಅವನು ಅತಿ ಕಡಿಮೆಯದನ್ನೇ ಹೇಳಬೇಕು.

ಸಿಸಿ ಪಿನ್ನನ್ನು ಹೊರತರುವ ಚಿಕ್ಕ ಬೋರ್ಡಿಗೆ ಕೇಬಲ್ಲಿನ ಸಿ ತುದಿಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಯಾವುದಕ್ಕೂ ಜೋಡಿಸದೆ ಮಲ್ಟಿಮೀಟರಿನಲ್ಲಿ ಅಳೆದಾಗ ನನ್ನದು 9.9 ಕಿಲೋಓಮ್ ತೋರಿಸಿತು. ಅವನ ಅಂಗಡಿಯ ಕೇಬಲ್ 55.8 ತೋರಿಸಿತು. ಹೊರಗಿನಿಂದ ಎರಡಕ್ಕೂ ವ್ಯತ್ಯಾಸವೇ ಕಾಣದು.

56 ಆದರೆ ಚಾರ್ಜ್ ನಿಧಾನವಾಗುವುದಿಲ್ಲವೇ ಎಂದು ಕೇಳಿದೆ. ಗೋಡೆಯ ಚಾರ್ಜರುಗಳಲ್ಲಿ ಹಲವು ತಮ್ಮೊಳಗೆ ಎರಡು ಡೇಟಾ ತಂತಿಗಳನ್ನು ಒಂದಕ್ಕೊಂದು ಸೇರಿಸಿರುತ್ತವೆ. ಅದನ್ನು ಗುರುತಿಸಿದ ಫೋನು 1.5 ಆಂಪಿಯರ್‌ವರೆಗೆ ಎಳೆದುಕೊಳ್ಳಬಲ್ಲದು. ಸುಳ್ಳು ಹೇಳುವ ಕೇಬಲ್ಲಿನ ಅಗತ್ಯ ಅಲ್ಲಿಯೂ ಇಲ್ಲ.

ನನ್ನ ಪೋರ್ಟಿಗೆ ರಕ್ಷಣೆಯಿತ್ತು, ಬದುಕಿಕೊಂಡಿತು. ಅಂಥ ರಕ್ಷಣೆ ಇಲ್ಲದ ಅಗ್ಗದ ಚಾರ್ಜರುಗಳು ಹೀಗೆಯೇ ಕಾದು ಸುಡುತ್ತವಂತೆ. "ಚೆನ್ನಾಗಿ ಚಾರ್ಜ್ ಆಗುತ್ತಲ್ಲ, ನನಗಾದರೂ ಕೊಡೋ ಅಣ್ಣ" ಎಂದು ತಮ್ಮ ಆ ಕೇಬಲ್ಲಿಗಾಗಿ ಪೀಡಿಸಿದ. ಅವನ ಎದುರಿಗೇ ಅದನ್ನು ಕತ್ತರಿಸಿ ಹಾಕಿದೆ.