ಚಿರೋಟಿಗೆ ತುಪ್ಪವೋ ಎಣ್ಣೆಯೋ: ಪ್ರಯೋಗ ಎಲ್ಲಿಗೆ ಬಂತು

ದಸರಾ ಸಮಯ

ಒಂದೇ ಹಿಟ್ಟು, ಒಂದೇ ಲಟ್ಟಣಿಗೆ, ಎರಡು ಬಾಣಲೆ. ಒಂದರಲ್ಲಿ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ, ಇನ್ನೊಂದರಲ್ಲಿ ತುಪ್ಪ. ಮದುವೆ ಮನೆ ಚಿರೋಟಿಯಂಥದ್ದು ಮನೆಯಲ್ಲಿ ಬರಬೇಕು ಅನ್ನೋದು ನನ್ನ ಆಸೆ. ಪದರ ಬಿಡಿಬಿಡಿಯಾಗಿರಬೇಕು, ಬಣ್ಣ ಬೆಳ್ಳಗಿರಬೇಕು, ಮಾರನೇ ದಿನವೂ ಕೈಗೆ ಜಿಡ್ಡು ಹತ್ತಬಾರದು.

ಹಿಟ್ಟಿನ ಅಳತೆ ಬರೆದಿಡುತ್ತೇನೆ. ಒಂದು ಕಪ್ ಚಿರೋಟಿ ರವೆ, ಕಾಲು ಕಪ್ ಮೈದಾ, ಚಿಟಿಕೆ ಉಪ್ಪು, ಎರಡು ಚಮಚ ಬಿಸಿ ತುಪ್ಪ. ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ನೆನೆಸಿ, ಆಮೇಲೆ ಚೆನ್ನಾಗಿ ನಾದಬೇಕು. ಪದರದ ಮಧ್ಯೆ ಹಚ್ಚೋದಕ್ಕೆ ಎರಡು ಚಮಚ ಗಟ್ಟಿ ತುಪ್ಪಕ್ಕೆ ಮೂರು ಚಮಚ ಅಕ್ಕಿ ಹಿಟ್ಟು ಹಾಕಿ ಬೆಣ್ಣೆಯಂತೆ ಆಗುವವರೆಗೆ ತಿಕ್ಕಬೇಕು. ತೆಳ್ಳಗೆ ಲಟ್ಟಿಸಿದ ಐದು ಹಾಳೆ ಒಂದರ ಮೇಲೊಂದು ಇಟ್ಟು, ಪ್ರತಿಯೊಂದಕ್ಕೂ ಇದನ್ನು ಸವರಿ, ಬಿಗಿಯಾಗಿ ಸುತ್ತಿ, ಮುಕ್ಕಾಲು ಇಂಚಿನ ತುಂಡು ಮಾಡಿ, ಕೊಯ್ದ ಮುಖ ಮೇಲೆ ಬರುವಂತೆ ಹಗುರವಾಗಿ ಒತ್ತಬೇಕು.

ಬಾಣಲೆಯಿಂದ ತೆಗೆದ ತಕ್ಷಣ ತಿಂದಾಗ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ತುಪ್ಪದ್ದು ಘಮ ಜಾಸ್ತಿ, ಎಣ್ಣೆಯದು ಸ್ವಲ್ಪ ಗರಿ ಜಾಸ್ತಿ ಅನ್ನಿಸಿತು. ನಿಜವಾದ ಫಲಿತಾಂಶ ಸಿಕ್ಕಿದ್ದು ಮಾರನೇ ಬೆಳಿಗ್ಗೆ. ಎಣ್ಣೆಯಲ್ಲಿ ಕರಿದವುಗಳ ಕೆಳಗಿನ ಕಾಗದ ಪೂರ್ತಿ ನೆಂದಿತ್ತು. ಮೇಲೆ ಉದುರಿಸಿದ್ದ ಸಕ್ಕರೆ ಪುಡಿ ಜಿಡ್ಡು ಹೀರಿಕೊಂಡು ಅಲ್ಲಲ್ಲಿ ಮುದ್ದೆಯಾಗಿತ್ತು. ತುಪ್ಪದ ಚಿರೋಟಿ ಮುಟ್ಟಿದರೆ ಒಣಗಿತ್ತು. ಸಕ್ಕರೆ ಪುಡಿ ಪುಡಿಯಾಗೇ ಉಳಿದಿತ್ತು, ಪದರ ಬೆರಳಲ್ಲಿ ಒಂದೊಂದಾಗಿ ಬಿಡುತ್ತಿತ್ತು.

ಕಾರಣ ಸರಳ. ಸೂರ್ಯಕಾಂತಿ ಎಣ್ಣೆ ತಣ್ಣಗಾದರೂ ದ್ರವವಾಗೇ ಇರುತ್ತದೆ, ಹಾಗಾಗಿ ಪದರಗಳ ಸಂದಿಯಿಂದ ನಿಧಾನವಾಗಿ ಇಳಿದು ಹೊರಗೆ ಬರುತ್ತದೆ. ತುಪ್ಪ ನಮ್ಮ ಬೆಂಗಳೂರಿನ ಹವೆಯಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಕರಿಯುವಾಗ ಹೀರಿದ ತುಪ್ಪ ಅಲ್ಲೇ ಪದರದಲ್ಲಿ ಗಟ್ಟಿಯಾಗಿ ಕೂರುತ್ತದೆ. ತುಪ್ಪದ ಚಿರೋಟಿಯಲ್ಲಿ ಜಿಡ್ಡು ಕಮ್ಮಿ ಅಂತಲ್ಲ, ಅದು ಹೊರಗೆ ಬರೋದಿಲ್ಲ ಅಷ್ಟೆ. ಬೇಕರಿಗಳಲ್ಲಿ ಡಾಲ್ಡಾ ಬಳಸೋದಕ್ಕೂ ಇದು ಒಂದು ಕಾರಣ. ಆದರೆ ಕಲಬುರಗಿಯ ಮೇ ತಿಂಗಳಲ್ಲಿ ತುಪ್ಪ ಡಬ್ಬಿಯಲ್ಲೇ ನೀರಾಗಿರುತ್ತದೆ. ಅಲ್ಲಿ ಬೇಸಿಗೆಯಲ್ಲಿ ಮಾಡುವವರಿಗೆ ಈ ಲಾಭ ಹೆಚ್ಚು ಸಿಗಲಾರದು.

ದೀಪಾವಳಿಗೆ ಮುಂಚೆ

ಹಾಗಾದರೆ ಎಲ್ಲಾ ತುಪ್ಪದಲ್ಲೇ ಕರಿಯಬಹುದಲ್ವಾ ಅಂತ ಪೂರಿ, ಬೋಂಡಾ ಎರಡನ್ನೂ ಪರೀಕ್ಷೆ ಮಾಡಿದೆ. ಬೇಡ ಅನ್ನೋದು ನನ್ನ ತೀರ್ಮಾನ. ಪೂರಿ ಉಬ್ಬಬೇಕಾದರೆ 180-190 ಡಿಗ್ರಿ ಬಿಸಿ ಬೇಕು. ಆ ಬಿಸಿಯಲ್ಲಿ ತುಪ್ಪದ ಘಮ ಬಾಣಲೆಯಿಂದ ಎದ್ದು ಅಡುಗೆಮನೆ ತುಂಬುತ್ತದೆ, ಪೂರಿಯಲ್ಲಿ ಉಳಿಯೋದು ಸ್ವಲ್ಪವೇ. ಮೇಲಾಗಿ ಪೂರಿಯನ್ನು ಬಿಸಿಬಿಸಿಯಾಗೇ ತಿಂದುಬಿಡುತ್ತೇವೆ, ಹೆಪ್ಪುಗಟ್ಟುವ ಗುಣದಿಂದ ಅಲ್ಲಿ ಏನೂ ಪ್ರಯೋಜನವಿಲ್ಲ. ಬೋಂಡಾದ ಕಡಲೆಹಿಟ್ಟು, ಇಂಗು, ಮೆಣಸಿನಕಾಯಿ ಮುಂದೆ ತುಪ್ಪದ ರುಚಿ ಗೊತ್ತೇ ಆಗೋದಿಲ್ಲ. ಚಕ್ಕುಲಿಗೂ ಎಣ್ಣೆಯೇ ಸರಿ. ಬೆಣ್ಣೆಯೋ ತುಪ್ಪವೋ ಹಾಕಬೇಕು ಅಂದರೆ ಹಿಟ್ಟಿಗೆ ಹಾಕಿ ಕಲಸಲಿ.

ತುಪ್ಪ ನಿಜವಾಗಿ ಗೆಲ್ಲೋದು ಸಣ್ಣ ಉರಿಯಲ್ಲಿ ಕರಿದು, ಆರಿದ ಮೇಲೆ ತಿನ್ನುವ ಸಿಹಿಗಳಲ್ಲಿ. ಚಿರೋಟಿ, ಬಾದಾಮ್ ಪುರಿ, ಬಾದುಷಾ ಈ ಗುಂಪಿನವು. ಪಾಯಸಕ್ಕೆ ಹಾಕುವ ಗೋಡಂಬಿ, ದ್ರಾಕ್ಷಿ ಕೂಡ ಇಲ್ಲೇ ಸೇರುತ್ತವೆ, ಯಾಕಂದರೆ ಹುರಿದ ತುಪ್ಪವೂ ಪಾಯಸದ ಒಳಗೇ ಹೋಗುತ್ತದೆ.

ಸೀಯುವ ವಿಷಯ

ಈ ಪ್ರಯೋಗದಲ್ಲಿ ನಾನು ಜಾಸ್ತಿ ಹೊತ್ತು ಕಳೆದಿದ್ದು ಇಲ್ಲಿ. ತುಪ್ಪ ಬೇಗ ಸೀಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಚೆನ್ನಾಗಿ ಕಾಯಿಸಿ ಸೋಸಿದ ತುಪ್ಪ ಹೊಗೆಯಾಡೋದು ಸುಮಾರು 250 ಡಿಗ್ರಿಗೆ. ರಿಫೈನ್ಡ್ ಎಣ್ಣೆ 230ರ ಆಸುಪಾಸು. ಚಿರೋಟಿಗೆ ನನಗೆ ಬೇಕಿರೋದು 140ರಿಂದ 150. ಅಂದಮೇಲೆ ಸೀಯುತ್ತಿರೋದು ಏನು?

ಎರಡು ವಸ್ತು. ಮೊದಲನೆಯದು ತುಪ್ಪದ ತಳದಲ್ಲಿರುವ ಗಸಿ. ಬೆಣ್ಣೆ ಕಾಯಿಸುವಾಗ ಹಾಲಿನ ಅಂಶ ಕಂದಾಗಿ ಕೆಳಗೆ ಕೂರುತ್ತದಲ್ಲ, ಅದು. ಮನೆ ತುಪ್ಪದಲ್ಲಿ ಸೋಸಿದ ಮೇಲೂ ಸ್ವಲ್ಪ ಉಳಿದಿರುತ್ತದೆ. ಕಾಯಿಸುವಾಗ ಹಾಕಿದ ವೀಳ್ಯದೆಲೆ, ನುಗ್ಗೆಸೊಪ್ಪಿನ ಚೂರುಗಳೂ ಅದರ ಜೊತೆ ಇರುತ್ತವೆ. ತುಪ್ಪಕ್ಕೇನೂ ಆಗದ 150 ಡಿಗ್ರಿಯಲ್ಲೇ ಈ ಗಸಿ ಕಡುಗಂದಾಗಿ, ಹಾಗೇ ಬಿಟ್ಟರೆ ಕಪ್ಪಾಗುತ್ತದೆ. ಅದರ ಕಹಿ ಇಡೀ ತುಪ್ಪಕ್ಕೆ ಇಳಿಯುತ್ತದೆ. ಎರಡನೆಯದು ಚಿರೋಟಿಯಿಂದ ಉದುರುವ ಹಿಟ್ಟು. ಲಟ್ಟಿಸುವಾಗ ಹಾಕಿದ ಒಣ ಹಿಟ್ಟು, ಪದರದ ಅಕ್ಕಿಹಿಟ್ಟು ಎರಡೂ ತಳ ಸೇರಿ ಅಲ್ಲೇ ಹುರಿಯುತ್ತಾ ಇರುತ್ತವೆ. ಮೊದಲ ಸುತ್ತಿನ ಚಿರೋಟಿ ಬೆಳ್ಳಗೆ ಬಂದು, ಕೊನೆಯ ಸುತ್ತಿನವುಗಳ ಮೇಲೆ ಕಪ್ಪು ಚುಕ್ಕೆ ಕಂಡರೆ ಅದು ಈ ಹಿಟ್ಟಿನದೇ ಕೆಲಸ.

ಆದ್ದರಿಂದ ಕರಿಯುವ ಹಿಂದಿನ ದಿನವೇ ತುಪ್ಪ ಸಿದ್ಧ ಮಾಡಿಕೊಳ್ಳುತ್ತೇನೆ. ಅರ್ಧ ಕೆಜಿ ತುಪ್ಪವನ್ನು ತೀರಾ ಸಣ್ಣ ಉರಿಯಲ್ಲಿ ಕರಗಿಸಿ, ಒಲೆ ಆರಿಸಿ, ಅಲುಗಾಡಿಸದೆ ಅರ್ಧ ಗಂಟೆ ಬಿಡುತ್ತೇನೆ. ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಲ್ ಬಟ್ಟೆಯಲ್ಲಿ ನಿಧಾನವಾಗಿ ಸೋಸಿ, ಕೊನೆಯ ಎರಡು ಚಮಚ ಪಾತ್ರೆಯಲ್ಲೇ ಬಿಡುತ್ತೇನೆ. ಅದನ್ನು ಬಿಸಿ ಅನ್ನಕ್ಕೆ ಹಾಕಿಕೊಂಡರೆ ತುಂಬಾ ರುಚಿ. ಒಂದು ಮಾತು: ತುಪ್ಪ ಹರಳು ಹರಳಾಗಿದ್ದರೆ ಅದು ಗಸಿಯಲ್ಲ. ಆ ಹರಳು ತುಪ್ಪವೇ, ಕರಗಿಸಿದರೆ ತಿಳಿಯಾಗುತ್ತದೆ. ಕರಗಿದ ಮೇಲೂ ತಳದಲ್ಲಿ ಕಾಣುವ ಬಿಳಿ ಅಥವಾ ಕಂದು ಪುಡಿ ಮಾತ್ರ ಬಿಡಬೇಕಾದ್ದು.

ತುಪ್ಪ ಕರಗಿದ ಮೇಲೆ ಚಟಪಟ ಸಿಡಿಯುತ್ತಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಬೆಣ್ಣೆಯನ್ನು ಪೂರ್ತಿ ಕಾಯಿಸದೇ ಇಳಿಸಿದ ತುಪ್ಪದಲ್ಲಿ ಹೀಗಾಗುತ್ತದೆ. ಸಿಡಿಯುವ ಸದ್ದು ನಿಲ್ಲುವ ತನಕ ಸಣ್ಣ ಉರಿಯಲ್ಲಿ ಇಟ್ಟು, ಆಮೇಲೆ ಸೋಸಬೇಕು. ಕ್ರಮ ತಿರುಗಿಸಿದರೆ ಸೋಸಿದ ತುಪ್ಪದಲ್ಲಿ ಮತ್ತೆ ಗಸಿ ಹುಟ್ಟುತ್ತದೆ.

ಉರಿಯ ಲೆಕ್ಕ

ನನ್ನ ಹತ್ತಿರ ಅಡುಗೆಯ ಥರ್ಮಾಮೀಟರ್ ಇದೆ. ಚಿರೋಟಿ ಬಿಡುವಾಗ 140, ಪದರ ಬಿಚ್ಚಿಕೊಂಡ ಮೇಲೆ 150. ಅತ್ತೆಗೆ ಅದರ ಅಗತ್ಯವೇ ಇಲ್ಲ. ಕಡಲೆಕಾಳಿನಷ್ಟು ಹಿಟ್ಟು ಬಿಟ್ಟು ನೋಡುತ್ತಾರೆ. ಅದು ತಳಕ್ಕೆ ಹೋಗಿ, ಸುತ್ತ ಸಣ್ಣ ಗುಳ್ಳೆ ಎದ್ದು, ನಿಧಾನವಾಗಿ ಮೇಲೆ ಬಂದರೆ ಹದ. ಬಿಟ್ಟ ತಕ್ಷಣ ಮೇಲೆದ್ದು ಬಣ್ಣ ತಿರುಗಿದರೆ ಬಿಸಿ ಹೆಚ್ಚು. ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಅವರು ಬಿಟ್ಟ ಹಿಟ್ಟು ಮೇಲೆ ಬರುವಾಗ ನಾನು ಥರ್ಮಾಮೀಟರ್ ಇಟ್ಟು ನೋಡಿದೆ, 142 ತೋರಿಸಿತು.

ಬಿಸಿ ಕಮ್ಮಿಯಾದರೂ ತೊಂದರೆಯೇ. 120ರ ಹತ್ತಿರ ಬಿಟ್ಟರೆ ಹಿಟ್ಟು ಬೇಯುವ ಮೊದಲೇ ಮಧ್ಯದ ತುಪ್ಪ ಕರಗಿ, ಪದರ ಒಂದಕ್ಕೊಂದು ಕಳಚಿ ಬಾಣಲೆ ತುಂಬಾ ಹರಡುತ್ತದೆ. ಹಾಗೆ ಬಿಚ್ಚಿಕೊಂಡ ಚಿರೋಟಿ ತುಪ್ಪವನ್ನು ಸಿಕ್ಕಾಪಟ್ಟೆ ಹೀರುತ್ತದೆ. ಸರಿಯಾದ ಬಿಸಿಯಲ್ಲಿ ಬಿಟ್ಟು, ಜಾಲರಿ ಸೌಟಿನ ಮೇಲೆ ನಿಲ್ಲಿಸಿ, ಇನ್ನೊಂದು ಚಮಚದಿಂದ ಬಿಸಿ ತುಪ್ಪವನ್ನು ಮೇಲೆ ಹೊಯ್ಯುತ್ತಾ ಇದ್ದರೆ ಪದರ ಸುರುಳಿಯಾಗಿ ಬಿಚ್ಚುತ್ತವೆ. ಗುಳ್ಳೆ ಕಮ್ಮಿಯಾಗಿ ಸದ್ದು ಇಳಿದರೆ ಒಳಗಿನ ನೀರು ಹೋಗಿದೆ ಅಂತ. ಇನ್ನೂ ಬೆಳ್ಳಗಿರುವಾಗಲೇ ತೆಗೆಯಬೇಕು, ಹೊರಗೆ ಬಂದ ಮೇಲೂ ಅದರ ಬಣ್ಣ ಸ್ವಲ್ಪ ಏರುತ್ತದೆ.

ತುಪ್ಪ ಸೀಯುವುದು ಹೆಚ್ಚಾಗಿ ಎರಡು ಸುತ್ತಿನ ನಡುವೆ. ಬಾಣಲೆಯಲ್ಲಿ ಚಿರೋಟಿ ಇರುವಾಗ ಅದರ ನೀರು ಆವಿಯಾಗುತ್ತಾ ಬಿಸಿಯನ್ನು ಹಿಡಿದಿಡುತ್ತದೆ. ತೆಗೆದ ತಕ್ಷಣ ಅದೇ ಉರಿಗೆ ತುಪ್ಪ ಸರಸರನೆ ಏರುತ್ತದೆ. ನನ್ನ ಸಣ್ಣ ಬಾಣಲೆಯಲ್ಲಿ, ಮುಂದಿನದನ್ನು ಲಟ್ಟಿಸುವಷ್ಟರಲ್ಲಿ 150 ಇದ್ದದ್ದು 180 ದಾಟಿತ್ತು. ಹಾಗಾಗಿ ಈಗ ಎಲ್ಲವನ್ನೂ ಮೊದಲೇ ಲಟ್ಟಿಸಿ ಒದ್ದೆ ಬಟ್ಟೆಯಡಿ ಇಟ್ಟುಕೊಳ್ಳುತ್ತೇನೆ. ಒಂದು ಸುತ್ತು ತೆಗೆದ ಕೂಡಲೇ ಉರಿ ತೀರಾ ಸಣ್ಣ ಮಾಡಿ, ಸಣ್ಣ ಕಣ್ಣಿನ ಸ್ಟೀಲ್ ಜರಡಿಯಿಂದ ಹಿಟ್ಟಿನ ಪುಡಿ ಎತ್ತಿ, ಕಮ್ಮಿಯಾದಷ್ಟು ಗಟ್ಟಿ ತುಪ್ಪ ಒಂದೊಂದೇ ಚಮಚ ಸೇರಿಸುತ್ತೇನೆ. ಈ ತಣ್ಣಗಿನ ತುಪ್ಪ ಬಿಸಿಯನ್ನು ತಕ್ಷಣ ಇಳಿಸುತ್ತದೆ. ಲಟ್ಟಿಸೋದಕ್ಕೆ ಒಣ ಹಿಟ್ಟು ಬಿಟ್ಟು ಮಣೆಗೆ ತುಪ್ಪ ಸವರುತ್ತಿದ್ದೇನೆ. ಅದೊಂದರಿಂದಲೇ ತಳ ಎಷ್ಟೋ ಶುಭ್ರವಾಗಿ ಉಳಿಯುತ್ತಿದೆ.

ತುಪ್ಪಕ್ಕೆ ಸ್ವಲ್ಪ ಎಣ್ಣೆ ಬೆರೆಸಿದರೆ ಸೀಯೋದಿಲ್ಲ ಅಂತ ಸುಮಾರು ಜನ ಹೇಳಿದರು. ಸೋಸದ ತುಪ್ಪಕ್ಕೆ ಅರ್ಧದಷ್ಟು ಎಣ್ಣೆ ಹಾಕಿ ನೋಡಿದೆ. ಗಸಿ ಅದೇ ಬಿಸಿಗೆ ಅದೇ ರೀತಿ ಕಪ್ಪಾಯಿತು. ಎಣ್ಣೆ ಬೆರೆಸಿದರೆ ಗಸಿ ತೆಳುವಾಗಿ ಹರಡುತ್ತದೆ, ಸೀಯುವ ಬಿಸಿ ಬದಲಾಗೋದಿಲ್ಲ. ಖರ್ಚು ಉಳಿಸೋದಕ್ಕೆ ಬೆರೆಸುವುದಾದರೆ ಸರಿ. ಆಗ ತಣಿದ ಮೇಲೆ ಗಟ್ಟಿಯಾಗುವ ಗುಣ ಕಮ್ಮಿಯಾಗುತ್ತದೆ ಅನ್ನೋದು ಗೊತ್ತಿರಲಿ.

ಸೀಯಲು ಶುರುವಾಗಿದೆ ಅಂತ ಮೊದಲು ತಿಳಿಸೋದು ವಾಸನೆ. ಹುರಿದ ಕಡಲೆಬೀಜದಂಥ ಘಮ ಇರುವವರೆಗೆ ಚಿಂತೆಯಿಲ್ಲ. ಅದು ಹೋಗಿ ಮೂಗಿಗೆ ಚುರುಕ್ ಅನ್ನಿಸಿದರೆ ಒಲೆ ಆರಿಸಿ ಬಾಣಲೆ ಕೆಳಗಿಳಿಸಬೇಕು. ದಪ್ಪ ತಳದ ಬಾಣಲೆ ಉರಿ ಆರಿದ ಮೇಲೂ ಕಾಯುತ್ತಲೇ ಇರುತ್ತದೆ. ತಣಿದ ತುಪ್ಪವನ್ನು ಬೆರಳಿಗೆ ಹಚ್ಚಿ ನೆಕ್ಕಿ ನೋಡಿದರೆ ಗೊತ್ತಾಗುತ್ತದೆ. ಕಹಿ ಬಂದಿದ್ದರೆ ಸೋಸಿದರೂ ಹೋಗೋದಿಲ್ಲ.

ಈಗಿನ ಸ್ಥಿತಿ

ಅರ್ಧ ಕೆಜಿಯಿಂದ ಶುರು ಮಾಡಿ ಕೊನೆಗೆ ನಾಲ್ಕುನೂರು ಗ್ರಾಂ ಹತ್ತಿರ ಉಳಿಯುತ್ತಿದೆ. ಉಗುರು ಬೆಚ್ಚಗಿರುವಾಗಲೇ ಮತ್ತೆ ಬಟ್ಟೆಯಲ್ಲಿ ಸೋಸಿ, ಒಣಗಿದ ಬಾಟಲಿಗೆ ತುಂಬಿ, ಹೊಸ ತುಪ್ಪದ ಡಬ್ಬಿಗೆ ಸೇರಿಸದೆ ಬೇರೆಯೇ ಇಡುತ್ತೇನೆ. ಕೇಸರಿಬಾತಿನ ರವೆ ಹುರಿಯೋದಕ್ಕೆ, ಸಾರಿನ ಒಗ್ಗರಣೆಗೆ ಅದೇ ಸಾಕು. ಎರಡು ವಾರದೊಳಗೆ ಮುಗಿಸಿಬಿಡುತ್ತೇನೆ. ಮುಂದಿನ ಸರದಿ ಬಾದಾಮ್ ಪುರಿ. ಅದನ್ನು ಕರಿದು ಪಾಕಕ್ಕೆ ಅದ್ದುವುದರಿಂದ ಹೊರಗಿನ ತುಪ್ಪ ಪಾಕ ಹೀರಲು ಅಡ್ಡಿಯಾಗುತ್ತದಾ ಅಂತ ನೋಡಬೇಕು. ಪಾಕ ಬಿಸಿಯಾಗಿರುವಾಗಲೇ ಅದ್ದಿದ್ದು, ಆರಿದ ಮೇಲೆ ಅದ್ದಿದ್ದು, ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು ಮಾರನೇ ದಿನ ಮುರಿದು ನೋಡಿ ಬರೆಯುತ್ತೇನೆ.