ಶೋಧಿಸಿದ ದ್ರಾವಣದಲ್ಲಿ ಕಂಡ ಕೆಂಪು ಗೆರೆ

ನೀರಿನಲ್ಲಿರುವ ಕಬ್ಬಿಣದ ಅಂಶವನ್ನು ಅಳೆಯುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಫೆರಿಕ್ ಕ್ಲೋರೈಡ್ ಅನ್ನು ಆಮ್ಲ ಸೇರಿಸದೆ, ಬರಿಯ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಬಹಳ ತೆಳುವಾದ ಪ್ರಮಾಣಿತ ದ್ರಾವಣವೊಂದನ್ನು ಸಿದ್ಧಪಡಿಸಿದ್ದೆ. ಕೆಲವು ದಿನಗಳಲ್ಲಿ ಅದರ ತಿಳಿ ಹಳದಿ ಬಣ್ಣ ಕಂದಿಗೆ ತಿರುಗಿತು. ಅಳತೆಯೂ ಇರಬೇಕಾದುದಕ್ಕಿಂತ ಕಡಿಮೆ ಬರತೊಡಗಿತು. ದ್ರಾವಣವನ್ನು ಫಿಲ್ಟರ್ ಕಾಗದದಲ್ಲಿ ಶೋಧಿಸಿದೆ. ಕಾಗದದ ಮೇಲೆ ಏನೂ ಉಳಿಯದೆ ಹೋದುದರಿಂದ ಕಬ್ಬಿಣವೆಲ್ಲ ಕರಗಿಯೇ ಇದೆ ಎಂದು ನಂಬಿದೆ.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಕೋಣೆಯ ದೀಪ ಆರಿಸಿ, ಎರಡು ಬೀಕರುಗಳನ್ನು ಪಕ್ಕಪಕ್ಕದಲ್ಲಿಟ್ಟು ಕೆಂಪು ಲೇಸರ್ ಹಾಯಿಸಿದರು. ಮೊದಲನೆಯದರಲ್ಲಿ ಬರಿಯ ನೀರಿತ್ತು. ಅಲ್ಲಲ್ಲಿ ಒಂದೊಂದು ಧೂಳಿನ ಕಣ ಮಿನುಗಿತೇ ಹೊರತು ಬೆಳಕಿನ ದಾರಿ ಕಾಣಲಿಲ್ಲ. ನನ್ನ ದ್ರಾವಣದಲ್ಲಾದರೋ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಯವಾದ, ಎಡೆಬಿಡದ ಕೆಂಪು ಗೆರೆ ಎದ್ದಿತು. "ಇದರಲ್ಲಿರುವುದು ಕರಗಿದ ಕಬ್ಬಿಣ ಮಾತ್ರವಲ್ಲ, ಕಲಿಲವೂ ಹುಟ್ಟಿಕೊಂಡಿದೆ," ಎಂದರು ಅವರು.

ಇದೇ ಟಿಂಡಾಲ್ ಪರಿಣಾಮ. ನೈಜ ದ್ರಾವಣದ ಕಣಗಳು ಸುಮಾರು 1 ನ್ಯಾನೋಮೀಟರಿಗಿಂತ ಚಿಕ್ಕವಾದ್ದರಿಂದ ಅವು ಚದುರಿಸುವ ಬೆಳಕು ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಕಲಿಲದ ಕಣಗಳು ಸುಮಾರು 1ರಿಂದ 1000 ನ್ಯಾನೋಮೀಟರಿನಷ್ಟಿದ್ದು, ಬೆಳಕನ್ನು ಪಕ್ಕಕ್ಕೆ ಚದುರಿಸುತ್ತವೆ. ಆಮ್ಲವಿಲ್ಲದ ನೀರಿನಲ್ಲಿ ಫೆರಿಕ್ ಅಯಾನು ನೀರಿನೊಂದಿಗೆ ವರ್ತಿಸಿ, ಮೆಲ್ಲನೆ ಹೈಡ್ರಾಕ್ಸೈಡಿನ ಇಂಥ ಕಣಗಳಾಗಿ ಕೂಡಿಕೊಳ್ಳುತ್ತದೆ. ಆ ಕಣಗಳೊಳಗೆ ಸಿಕ್ಕಿಕೊಂಡ ಕಬ್ಬಿಣಕ್ಕೆ ಬಣ್ಣ ಬರಿಸುವ ಕಾರಕ ತಲುಪದ ಕಾರಣ ಅಳತೆ ತಗ್ಗಿತ್ತು.

ಶೋಧನೆ ನನ್ನನ್ನು ದಾರಿ ತಪ್ಪಿಸಿದ್ದೇಕೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಸಾಮಾನ್ಯ ಫಿಲ್ಟರ್ ಕಾಗದದ ರಂಧ್ರಗಳು ಕೆಲವು ಸಾವಿರ ನ್ಯಾನೋಮೀಟರಿನಷ್ಟು ಅಗಲವಾಗಿರುವುದರಿಂದ, ಅದು ನಿಲಂಬನದ ದಪ್ಪ ಕಣಗಳನ್ನು ತಡೆಯಬಲ್ಲದೇ ಹೊರತು ಕಲಿಲವನ್ನಲ್ಲ. ಕಾಗದದಿಂದ ನಿಲಂಬನವನ್ನು ಗುರುತಿಸಬಹುದು. ಆದರೆ ಕಲಿಲವನ್ನು ನೈಜ ದ್ರಾವಣದಿಂದ ಬೇರೆಯೆಂದು ತಿಳಿಯಲು ಬೆಳಕೇ ಬೇಕು. ಅತ್ತ, ತೇಲುವ ಕಣಗಳಿರುವವರೆಗೆ ನಿಲಂಬನವೂ ಬೆಳಕನ್ನು ಚದುರಿಸುವುದರಿಂದ ಬರಿಯ ಗೆರೆಯನ್ನು ನಂಬಿಯೂ ತೀರ್ಮಾನಿಸಲಾಗದು. ಕದಲಿಸದೆ ಬಿಟ್ಟಾಗ ತಳ ಸೇರುವುದು ನಿಲಂಬನ. ನನ್ನ ದ್ರಾವಣದಲ್ಲಿ ಮರುದಿನವೂ ಗೆರೆ ಹಾಗೆಯೇ ಇತ್ತು.

ಅದರಲ್ಲಿ ಒಂದು ಭಾಗಕ್ಕೆ ಸೋಡಿಯಂ ಸಲ್ಫೇಟ್ ಸೇರಿಸಿದಾಗ, ಧನ ಆವೇಶದ ಕಣಗಳು ಒಂದಕ್ಕೊಂದು ಅಂಟಿಕೊಂಡು ಕಂದು ಚೂರುಗಳಾಗಿ ತಳಕ್ಕಿಳಿದವು. ಈಗ ಶೋಧಿಸಿದರೆ ಅವು ಕಾಗದದ ಮೇಲೆಯೇ ನಿಂತವು.

ಲೇಸರಿನ ಬಣ್ಣವೂ ಮುಖ್ಯ ಎಂಬುದು ಆಮೇಲೆ ತಿಳಿಯಿತು: ಕಂದು ದ್ರಾವಣ ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಅಲ್ಲಿ ಕೆಂಪೇ ಸರಿ. ಅಂದಿನಿಂದ ಕಬ್ಬಿಣದ ಪ್ರಮಾಣಿತ ದ್ರಾವಣವನ್ನು ನಾನು ಮೊದಲಿನಿಂದಲೇ ಆಮ್ಲದಲ್ಲಿ ತಯಾರಿಸುತ್ತೇನೆ, ಬಳಸುವ ಮುನ್ನ ಬರಿಯ ನೀರಿನ ಬೀಕರನ್ನು ಪಕ್ಕದಲ್ಲಿಟ್ಟು ಕತ್ತಲೆಯಲ್ಲಿ ಒಮ್ಮೆ ಲೇಸರ್ ಹಾಯಿಸಿ ನೋಡುತ್ತೇನೆ.