ಇಂಟರ್‌ವ್ಯೂ ದಿನವೇ ಪರೀಕ್ಷೆ ಬಿದ್ದರೆ

"ಮೇಡಂ, ಕಂಪನಿಯವರು ಇಂಟರ್‌ವ್ಯೂ ಇಟ್ಟಿರುವ ದಿನವೇ ನನಗೆ ಸೆಮಿಸ್ಟರ್ ಪರೀಕ್ಷೆ ಇದೆ. ಬೇರೆ ದಿನ ಕೊಡಿ ಎಂದು ಕೇಳಿದರೆ ಇವಳಿಗೆ ಆಸಕ್ತಿಯಿಲ್ಲ ಎಂದುಕೊಂಡು ಕೈಬಿಡುತ್ತಾರೇನೋ. ಏನಂತ ಬರೆಯಲಿ?"

ಕೇಳಿ. ಧೈರ್ಯವಾಗಿ ಕೇಳಿ. ಮೈಸೂರಿನ ಒಂದು ಕಂಪನಿಯ ನೇಮಕಾತಿ ವಿಭಾಗದಲ್ಲಿ ಕುಳಿತು ಇಂತಹ ಪತ್ರಗಳನ್ನು ಓದುವುದೇ ನನ್ನ ಕೆಲಸ. ಪರೀಕ್ಷೆಯ ಕಾರಣಕ್ಕೆ ದಿನ ಬದಲಿಸಿ ಎಂದವರನ್ನು ನಾವು ಆ ಕಾರಣಕ್ಕಾಗಿ ಕೈಬಿಡುವುದಿಲ್ಲ. ಕೈಬಿಟ್ಟುಹೋಗುವವರು ಏನೂ ಹೇಳದೆ ಗೈರಾದವರು, ಇಲ್ಲವೇ ಬರುತ್ತೇನೆ ಎಂದು ಒಪ್ಪಿಕೊಂಡು ಹಿಂದಿನ ರಾತ್ರಿ ಹಿಂದೆ ಸರಿದವರು.

ಪತ್ರ ಬರೆಯುವ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ: ಆ ದಿನ ಇರುವುದು ಯಾವ ಪರೀಕ್ಷೆ? ವಿಶ್ವವಿದ್ಯಾಲಯದ ಥಿಯರಿ ಪರೀಕ್ಷೆಯಾದರೆ ಅದರ ದಿನ ನಿಮಗಾಗಿ ಬದಲಾಗುವುದಿಲ್ಲ, ಕಂಪನಿಯನ್ನೇ ಕೇಳಬೇಕು. ಆದರೆ ಪ್ರಾಯೋಗಿಕ ಪರೀಕ್ಷೆಯನ್ನು ಸಾಮಾನ್ಯವಾಗಿ ಬ್ಯಾಚ್‌ಗಳಲ್ಲಿ ನಡೆಸುತ್ತಾರೆ. ವಿಭಾಗದ ಮುಖ್ಯಸ್ಥರಿಗೆ ಇಂಟರ್‌ವ್ಯೂ ಪತ್ರ ತೋರಿಸಿ ವಿನಂತಿಸಿದರೆ ಬೇರೆ ಬ್ಯಾಚ್‌ಗೆ ಹಾಕಿಕೊಡುವುದುಂಟು. ಆಂತರಿಕ ಟೆಸ್ಟ್‌ಗೂ ಹಾಗೆಯೇ ಕಾಲೇಜಿನಲ್ಲೇ ದಾರಿ ಸಿಗಬಹುದು. ಕಾಲೇಜಿನಲ್ಲಿ ಮುಗಿಯುವ ಮಾತಿಗೆ ಕಂಪನಿಯ ದಿನ ಬದಲಿಸಲು ಹೋಗಬೇಡಿ. ಒಂದೇ ಕಂಪನಿಯ ಮುಂದೆ ಎರಡನೆಯ ಸಲ ದಿನಾಂಕ ಕೇಳಬೇಕಾಗಿ ಬಂದರೆ ಆಗ ಕಷ್ಟ.

ಥಿಯರಿ ಪರೀಕ್ಷೆಯೇ ಎಂದಿಟ್ಟುಕೊಳ್ಳೋಣ. ನಿಮ್ಮ ಪತ್ರ ಓದಿದ ಮೇಲೆ ನಮ್ಮ ಕಡೆ ಏನಾಗುತ್ತದೆ ಎಂದು ತಿಳಿದರೆ ಏನು ಬರೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ. ನಿಮ್ಮನ್ನು ಪ್ರಶ್ನೆ ಕೇಳುವವರು ನಾವಲ್ಲ, ತಾಂತ್ರಿಕ ವಿಭಾಗದ ಒಬ್ಬರೋ ಇಬ್ಬರೋ ಎಂಜಿನಿಯರ್‌ಗಳು. ತಮ್ಮ ಕೆಲಸದ ನಡುವೆ ಅವರು ನಿಮಗಾಗಿ ಒಂದು ಗಂಟೆ ಮೀಸಲಿಟ್ಟಿರುತ್ತಾರೆ. ದಿನ ಬದಲಿಸಲು ನಾನು ಅವರಿಬ್ಬರನ್ನೂ ಕೇಳಿ, ಇಬ್ಬರಿಗೂ ಹೊಂದುವ ಇನ್ನೊಂದು ಗಂಟೆ ಹುಡುಕಬೇಕು. ಹಾಗಾಗಿ ನಿಮ್ಮ ಪತ್ರವನ್ನು ಒಂದು ಸಾಲೂ ಸೇರಿಸದೆ ಅವರಿಗೆ ಕಳುಹಿಸುವಂತಿರಬೇಕು. ನನಗೆ ಬೇಕಾಗಿರುವುದು ಇಷ್ಟೇ.

ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ. ಸೋಮವಾರ ಸಂಜೆ ನಮ್ಮಿಂದ ಇಮೇಲ್ ಹೋಯಿತು: ಗುರುವಾರ ಬೆಳಿಗ್ಗೆ 11ಕ್ಕೆ ಆನ್‌ಲೈನ್ ಸಂದರ್ಶನ. ಅವಳಿಗೆ ಅದೇ ಗುರುವಾರ 9.30ರಿಂದ 12.30ರವರೆಗೆ ಪರೀಕ್ಷೆ, ಮುಂದಿನ ಪತ್ರಿಕೆ ಮಂಗಳವಾರ. ಅವಳು ಮಂಗಳವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ, ನಮ್ಮ ಇಮೇಲ್‌ಗೇ ಉತ್ತರವಾಗಿ ಹೀಗೆ ಬರೆದಿದ್ದಳು:

"ನಮಸ್ಕಾರ ಮೇಡಂ. ಗುರುವಾರ 11 ಗಂಟೆಯ ಸಂದರ್ಶನಕ್ಕೆ ಕರೆದಿದ್ದಕ್ಕೆ ಧನ್ಯವಾದಗಳು. ಈ ಹುದ್ದೆಗೆ ಸಂದರ್ಶನ ಕೊಡಲು ನನಗೆ ಖಂಡಿತ ಇಷ್ಟವಿದೆ. ಆದರೆ ಆ ದಿನ ಬೆಳಿಗ್ಗೆ 9.30ರಿಂದ 12.30ರವರೆಗೆ ನನ್ನ ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆ ಇದೆ. ವೇಳಾಪಟ್ಟಿಯ ಪುಟವನ್ನು ಲಗತ್ತಿಸಿದ್ದೇನೆ. ಶುಕ್ರವಾರ ಇಡೀ ದಿನ, ಅಥವಾ ಮುಂದಿನ ಬುಧವಾರ ಇಡೀ ದಿನ ನಾನು ಲಭ್ಯವಿದ್ದೇನೆ. ಎರಡೂ ಆಗದಿದ್ದರೆ ಗುರುವಾರವೇ ಸಂಜೆ 4ರ ನಂತರವೂ ಬರಬಲ್ಲೆ. ನಿಮಗೆ ಅನುಕೂಲವಾದ ಸಮಯವನ್ನು ದಯವಿಟ್ಟು ತಿಳಿಸಿ."

ಕೊನೆಯಲ್ಲಿ ಹೆಸರು, ಅರ್ಜಿ ಹಾಕಿದ ಹುದ್ದೆ, ಮೊಬೈಲ್ ಸಂಖ್ಯೆ. ಇಂಗ್ಲಿಷ್‌ನಲ್ಲಿ ಬರೆಯುವವರೂ ಇದೇ ಕ್ರಮ ಇಟ್ಟುಕೊಳ್ಳಬಹುದು.

ನಾನು ಅದನ್ನು ಹಾಗೆಯೇ ಸಂದರ್ಶಕರಿಗೆ ಕಳುಹಿಸಿದೆ. ಒಬ್ಬರು ಶುಕ್ರವಾರ ರಜೆಯಲ್ಲಿದ್ದರು, ಬುಧವಾರ 11.30 ಎಂದು ಬರೆದರು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಅವಳು ಶುಕ್ರವಾರವನ್ನಷ್ಟೇ ಬರೆದಿದ್ದರೆ ಮತ್ತೆ ಅವಳನ್ನು ಕೇಳಿ, ಉತ್ತರಕ್ಕೆ ಕಾದು, ಮತ್ತೆ ಅವರನ್ನು ಕೇಳಬೇಕಿತ್ತು. ಅಷ್ಟರಲ್ಲಿ ಬುಧವಾರದ ಗಂಟೆ ಬೇರೆ ಅಭ್ಯರ್ಥಿಯ ಪಾಲಾಗಿರುತ್ತಿತ್ತು.

ಗುರುವಾರ ಸಂಜೆಯನ್ನು ಅವಳು ಕೊನೆಯಲ್ಲಿ ಇಟ್ಟದ್ದು ನನಗೆ ಮೆಚ್ಚುಗೆಯಾಯಿತು. ಮೂರು ಗಂಟೆ ಬರೆದು ಬಂದವರು ಎರಡು ಗಂಟೆಗೇ ಕ್ಯಾಮೆರಾ ಮುಂದೆ ಕುಳಿತರೆ ಗೊತ್ತಿರುವ ಉತ್ತರವೂ ಬಾಯಿಗೆ ಬರುವುದಿಲ್ಲ. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಸಂದರ್ಶನ ಬೆಂಗಳೂರಿನ ಕಚೇರಿಯಲ್ಲಿದ್ದರಂತೂ ಅದೇ ದಿನ ಎಂಬ ಮಾತೇ ಬೇಡ. ಮೈಸೂರಿನಿಂದ ಅಲ್ಲಿಗೆ ಸುಮಾರು 145 ಕಿಲೋಮೀಟರ್, ಊರೊಳಗಿನ ಪ್ರಯಾಣ ಬೇರೆ. ಪರೀಕ್ಷೆಯ ಮರುದಿನವನ್ನೇ ಕೇಳಿ.

ಲಗತ್ತಿನ ಬಗ್ಗೆ ಒಂದು ಎಚ್ಚರಿಕೆ. ಬಹಳ ಮಂದಿ ಹಾಲ್ ಟಿಕೆಟ್ಟನ್ನೇ ಕಳುಹಿಸಿಬಿಡುತ್ತಾರೆ. ಅದರಲ್ಲಿ ಫೋಟೊ, ಸಹಿ, ನೋಂದಣಿ ಸಂಖ್ಯೆ ಎಲ್ಲವೂ ಇರುತ್ತವೆ. ನಮಗೆ ಅವು ಬೇಡ. ಪ್ರಕಟವಾದ ವೇಳಾಪಟ್ಟಿಯಲ್ಲಿ ನಿಮ್ಮ ವಿಷಯದ ಸಾಲಿಗೆ ಗುರುತು ಹಾಕಿದ ಪುಟ ಸಾಕು. ಹಾಲ್ ಟಿಕೆಟ್ಟನ್ನೇ ಕೇಳಿದರೆ ಮಾತ್ರ, ಸಹಿ ಮರೆಮಾಡಿ ಕೊಡಿ.

ಫೋನಿನಲ್ಲಿ ಕರೆದು ದಿನ ಹೇಳಿದರೆ ಗಾಬರಿಯಲ್ಲಿ "ಆಯಿತು ಮೇಡಂ" ಎನ್ನಬೇಡಿ. "ಪರೀಕ್ಷೆ ನಡೆಯುತ್ತಿದೆ, ವೇಳಾಪಟ್ಟಿ ನೋಡಿ ಅರ್ಧ ಗಂಟೆಯಲ್ಲಿ ತಿಳಿಸುತ್ತೇನೆ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಫೋನಿನಲ್ಲಿ ಒಪ್ಪಿದ ಹೊಸ ದಿನವನ್ನೂ ಒಂದು ಸಾಲಿನ ಇಮೇಲ್‌ನಲ್ಲಿ ಬರೆದು ಕಳುಹಿಸಿ. ಕ್ಯಾಲೆಂಡರ್ ಆಹ್ವಾನ ಬಂದಿದ್ದರೆ ಅದನ್ನು ಒಪ್ಪಿಕೊಳ್ಳಬೇಡಿ. ನಿರಾಕರಿಸಿ ಸುಮ್ಮನಾಗಲೂ ಬೇಡಿ, ಬರಿಯ ನಿರಾಕರಣೆ ಕಂಡವರು ನೀವು ಹುದ್ದೆಯನ್ನೇ ಬೇಡ ಎಂದಿರಿ ಎಂದುಕೊಳ್ಳಬಹುದು. ಹಾಗೆಯೇ, ಹೊಸ ದಿನಾಂಕದ ದೃಢೀಕರಣ ಬರುವವರೆಗೆ ದಿನ ಬದಲಾಯಿತು ಎಂದು ಭಾವಿಸಬೇಡಿ. ಎರಡು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಸಂದರ್ಶನಕ್ಕೆ ಒಂದೇ ದಿನ ಉಳಿದಿದ್ದರೆ, ಫೋನ್ ಮಾಡಿ.

ನಡುವೆ ಕನ್ಸಲ್ಟೆನ್ಸಿಯವರಿದ್ದಾಗ ಇದು ಇನ್ನೂ ಮುಖ್ಯ. ಅವರಿಗೆ ಹೇಳಿದ್ದು ಕಂಪನಿಗೆ ತಲುಪಿಯೇ ಇರುವುದಿಲ್ಲ. "ಕಂಪನಿಯವರು ಒಪ್ಪಿದ ಇಮೇಲ್ ನನಗೂ ಕಳುಹಿಸಿ" ಎಂದು ಕೇಳಿ. ದಿನ ಬದಲಿಸಲು ಹಣ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಅದು ವಂಚನೆ.

ಕೆಲವೊಮ್ಮೆ ದಿನ ಬದಲಾಗುವುದೇ ಇಲ್ಲ. ಹಲವು ಕಾಲೇಜುಗಳವರನ್ನು ಒಂದೇ ದಿನ ಸೇರಿಸುವ ನೇಮಕಾತಿಯಲ್ಲಿ ಒಬ್ಬರಿಗಾಗಿ ಇನ್ನೊಂದು ದಿನ ಕೊಡುವುದು ಕಷ್ಟ. ಅಂತಹ ಕಡೆ ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕ ಕೇಳಿ. ಅದೇ ಪರೀಕ್ಷೆಗೆ ಕುಳಿತಿರುವ ನಾಲ್ಕಾರು ಮಂದಿಯ ಹೆಸರು ಒಟ್ಟಿಗೆ ಬಂದರೆ ಮಾತಿಗೆ ತೂಕ ಬರುತ್ತದೆ. ಆಗಲೂ ಆಗುವುದಿಲ್ಲ ಎಂದರೆ ಪರೀಕ್ಷೆ ಬರೆಯಿರಿ. ಈ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯಿಲ್ಲ. ಗೈರಾದ ವಿಷಯ ಮುಂದಿನ ಪರೀಕ್ಷೆಯವರೆಗೆ ಬಾಕಿಯಾಗಿ ಉಳಿಯುತ್ತದೆ. ಹೊಸಬರನ್ನು ತೆಗೆದುಕೊಳ್ಳುವ ಅನೇಕ ಕಂಪನಿಗಳು ಸೇರುವ ದಿನಕ್ಕೆ ಯಾವ ವಿಷಯವೂ ಬಾಕಿ ಇರಬಾರದು ಎಂಬ ಷರತ್ತು ಹಾಕುತ್ತವೆ. ಪರೀಕ್ಷೆ ಬಿಟ್ಟು ಗೆದ್ದ ಕೆಲಸ ಆ ಷರತ್ತಿನಿಂದಲೇ ಕೈತಪ್ಪಬಹುದು. ಪರೀಕ್ಷೆ ಬರೆದು ಬಂದು, "ಮುಂದಿನ ಸುತ್ತು ಇದ್ದರೆ ದಯವಿಟ್ಟು ನನ್ನ ಅರ್ಜಿಯನ್ನು ಪರಿಗಣಿಸಿ, ನನ್ನ ಕೊನೆಯ ಪರೀಕ್ಷೆ ಇಂಥ ದಿನ ಮುಗಿಯುತ್ತದೆ" ಎಂದು ಅದೇ ಇಮೇಲ್‌ಗೆ ಉತ್ತರಿಸಿ. ಆಯ್ಕೆಯಾದವರು ಸೇರದೆ ಜಾಗ ಖಾಲಿಯಾದಾಗ ನಾನು ಮೊದಲು ತೆರೆಯುವುದು ಅಂತಹ ಪತ್ರಗಳನ್ನೇ.